ಸಹಾಯ ಬೇಕು: ಬೆಕ್ಕು, ನಾಯಿ ಇರುವ ಮನೆಯಲ್ಲಿ ಗೌರಿ ಹೂವು ಇಡೋದು ಹೇಗೆ?

ನಮಸ್ಕಾರ. ನಮ್ಮದು ಮೂಡಿಗೆರೆ ಹತ್ತಿರ. ಗೌರಿ ಹಬ್ಬಕ್ಕೆ ನಮ್ಮತ್ತೆ ಬೇಲಿಯಲ್ಲಿ ಅರಳುವ ಕೆಂಪು-ಹಳದಿ ಗೌರಿ ಹೂವನ್ನೇ ಮಂಟಪಕ್ಕೆ ಕಟ್ಟುತ್ತಾರೆ. ಈ ಸಲ ಮನೆಯಲ್ಲಿ ಬೆಕ್ಕಿನ ಮರಿ ಇದೆ, ನಾಯಿಯೂ ಇದೆ. ಆ ಬಳ್ಳಿಯ ಎಲ್ಲ ಭಾಗದಲ್ಲೂ ಕಾಲ್ಚಿಸಿನ್ ಅನ್ನೋ ವಿಷ ಇರುತ್ತದೆ, ಗೆಡ್ಡೆಯಲ್ಲಿ ಜಾಸ್ತಿ. ತಿಂದರೆ ಜೊಲ್ಲು, ವಾಂತಿ, ರಕ್ತಭೇದಿ ಆಗುತ್ತದೆ, ಜೀವಕ್ಕೂ ಅಪಾಯ.

ಮಂಟಪವನ್ನು ಮೇಜಿನ ಮೇಲಿಟ್ಟು ನೋಡಿದೆವು. ಮರಿ ಕುರ್ಚಿಯಿಂದ ಹಾರಿ ಹತ್ತಿತು. ಹೂವನ್ನು ತೊಲೆಗೆ ಕಟ್ಟಿದರೆ ಬಾಡಿದ ಎಸಳು ನೆಲಕ್ಕೆ ಉದುರುತ್ತದೆ, ನಾಯಿ ಬಾಯಿ ಹಾಕುತ್ತದೆ. ಜರಿ ಹಾರ ಪೂರ್ತಿ ಕೈಬಿಟ್ಟಿದ್ದೇವೆ. ಬೆಕ್ಕು ನುಂಗಿದರೆ ಆ ಎಳೆ ಕರುಳನ್ನು ಸುಕ್ಕುಗಟ್ಟಿಸಿ ಕೊಯ್ದುಬಿಡಬಹುದು. ಸೀರಿಯಲ್ ಲೈಟಿನ ವೈರನ್ನು ಪೈಪಿನೊಳಗೆ ಹಾಯಿಸಿದ್ದಾಯ್ತು.

ಉಳಿದಿರೋದು ಹೂವೊಂದೇ. "ಗೌರಿಗೆ ಗೌರಿ ಹೂವಿಲ್ಲದೆ ಹೇಗಮ್ಮಾ?" ಅಂತಾರೆ ಅತ್ತೆ. ಅವರ ಮಾತೂ ಸರಿ ಅಲ್ವಾ? ದಾಸವಾಳ, ಗುಲಾಬಿ ಬೆಕ್ಕು-ನಾಯಿಗೆ ವಿಷವಲ್ಲ, ಅದು ಗೊತ್ತು.

ಪೂಜೆ ಹೊತ್ತಿಗೆ ಒಂದೇ ಹೂ ಏರಿಸಿ, ಮಂಗಳಾರತಿ ಆದ ಕೂಡಲೇ ತೆಗೆದು ದಾಸವಾಳ ಇಡಬಹುದಾ? ಇಲ್ಲಾ ವಿಸರ್ಜನೆವರೆಗೂ ಅದು ಇರಲೇಬೇಕಾ? ನಿಮ್ಮ ಮನೆಗಳಲ್ಲಿ ಏನು ಮಾಡುತ್ತೀರಿ, ಹೇಳಿ.