'ಕ್ಯಾನ್ ಯು ಟೆಲ್ ಮಿ' ಆದ ಮೇಲೆ 'ಈಸ್' ಎಲ್ಲಿಗೆ ಹೋಗಬೇಕು?

ಕಲಬುರಗಿಯ ಅಭ್ಯರ್ಥಿ: ಹೋಟೆಲ್ ಸ್ವಾಗತ ಕೌಂಟರಿನ ಕೆಲಸಕ್ಕೆ ಲಿಖಿತ ಪರೀಕ್ಷೆ ಇದೆ. 'ಕ್ಯಾನ್ ಯು ಟೆಲ್ ಮಿ ವೇರ್ ಈಸ್ ದ ಸ್ಟೇಷನ್' ತಪ್ಪು ಎನ್ನುತ್ತಾರೆ. ಪ್ರಶ್ನೆ ಎಂದ ಮೇಲೆ 'ಈಸ್' ಮೊದಲು ಬರಬೇಕಲ್ಲವೇ?

ಯಾದಗಿರಿಯವ: ಬಹಳ ಸುಲಭ ತಮ್ಮಾ. 'ಈಸ್' ಅನ್ನು ಎತ್ತಿ ಕೊನೆಗೆ ಇಡು. 'ವೇರ್ ದ ಸ್ಟೇಷನ್ ಈಸ್'. ಎಲ್ಲ ಕಡೆಯೂ ಇದೇ ಸೂತ್ರ.

ಬೀದರ್ ಶಿಕ್ಷಕಿ: ಉತ್ತರ ಸರಿ, ಸೂತ್ರ ಸರಿಯಲ್ಲ. 'ವೆನ್ ಈಸ್ ದ ಟ್ರೇನ್ ಲೀವಿಂಗ್' ಎಂಬುದಕ್ಕೆ ಅದನ್ನು ಹಚ್ಚಿದರೆ 'ವೆನ್ ದ ಟ್ರೇನ್ ಲೀವಿಂಗ್ ಈಸ್' ಆಗುತ್ತದೆ! 'ಈಸ್' ನಿಲ್ಲಬೇಕಾದದ್ದು ಕರ್ತೃ ಬಂದ ಕೂಡಲೇ: 'ವೆನ್ ದ ಟ್ರೇನ್ ಈಸ್ ಲೀವಿಂಗ್'. ಕೇಳುವ ಕೆಲಸವನ್ನು 'ಕ್ಯಾನ್ ಯು' ಆಗಲೇ ಮುಗಿಸಿದೆ. ಒಳಗಿರುವುದು ಸಾಮಾನ್ಯ ಹೇಳಿಕೆಯ ಕ್ರಮದಲ್ಲೇ ಇರುತ್ತದೆ. ಕನ್ನಡದಲ್ಲಿ 'ಸ್ಟೇಷನ್ ಎಲ್ಲಿದೆ' ಎಂಬುದಕ್ಕೆ 'ಹೇಳುತ್ತೀರಾ' ಸೇರಿಸಿದರೂ ಪದಗಳು ಕದಲುವುದಿಲ್ಲ. ಆ ರೂಢಿಯಿಂದಲೇ ನಾವು ಇಡೀ ಪ್ರಶ್ನೆಯನ್ನು ಹಾಗೆಯೇ ಅಂಟಿಸಿಬಿಡುತ್ತೇವೆ.

ಸೋಲಾಪುರ ಪ್ರಯಾಣಿಕ: ಸಭ್ಯತೆಗೆ 'ಪ್ಲೀಸ್' ಸಾಲದೇ? 'ವೇರ್ ಈಸ್' ಎಂದು ಕೇಳಿಯೇ ನಾನು ಇಷ್ಟು ವರ್ಷ ರೈಲು ಹತ್ತಿದ್ದೇನೆ. ಯಾರೂ ನನ್ನನ್ನು ಬೇರೆ ಊರಿಗೆ ಕಳಿಸಲಿಲ್ಲ.

ಬೀದರ್ ಶಿಕ್ಷಕಿ: ಅಣ್ಣಾ, ಅವರು ಕೇಳಿದ್ದು ಪದಕ್ರಮ, ಸಭ್ಯತೆಯಲ್ಲ. ಅರ್ಥವಂತೂ ಆಗುತ್ತದೆ. ಐರ್ಲೆಂಡಿನವರ ಇಂಗ್ಲಿಷ್ ಮಾತಿನಲ್ಲೂ ಇಂಥ ಒಳಪ್ರಶ್ನೆಗಳಲ್ಲಿ 'ಈಸ್' ಕರ್ತೃವಿಗಿಂತ ಮೊದಲೇ ಬರುವುದುಂಟು. ಆದರೆ ಲಿಖಿತ ಪರೀಕ್ಷೆಯಲ್ಲಿ ಅಂಕ ಹೋಗುತ್ತದೆ.

ಕಲಬುರಗಿಯ ಅಭ್ಯರ್ಥಿ: ಹಾಗಾದರೆ ಮೇಡಂ, 'ವಾಟ್ ಟೈಮ್ ಡಸ್ ದ ಟ್ರೇನ್ ಲೀವ್' ಎಂಬುದರಲ್ಲಿ 'ಡಸ್' ಅನ್ನು ಎಲ್ಲಿ ಇಡಲಿ?

ಬೀದರ್ ಶಿಕ್ಷಕಿ: ಎಲ್ಲಿಯೂ ಇಡಬೇಡಿ. ಅದು ಬಂದದ್ದೇ ಪ್ರಶ್ನೆ ಕಟ್ಟಲು. 'ಕ್ಯಾನ್ ಯು ಟೆಲ್ ಮಿ ವಾಟ್ ಟೈಮ್ ದ ಟ್ರೇನ್ ಲೀವ್ಸ್' ಎನ್ನಿ. 'ಡಸ್' ಹೊತ್ತಿದ್ದ 'ಸ್' 'ಲೀವ್'ಗೆ ಮರಳುತ್ತದೆ, ಹೆಚ್ಚಿನವರು ಅದನ್ನೇ ಮರೆಯುತ್ತಾರೆ. ಇನ್ನು 'ಈಸ್ ದ ಟ್ರೇನ್ ಲೇಟ್' ಎಂಬಲ್ಲಿ ವೇರ್, ವೆನ್ ಯಾವುದೂ ಇಲ್ಲ. ಅಲ್ಲಿ ಕೊಂಡಿಯಾಗಿ 'ಇಫ್' ಬೇಕು: 'ಇಫ್ ದ ಟ್ರೇನ್ ಈಸ್ ಲೇಟ್'.

ಯಾದಗಿರಿಯವ: ಒಪ್ಪಿದೆ. ಹಾಗಾದರೆ 'ವಾಟ್ ಈಸ್ ರಾಂಗ್' ಎಂಬುದು 'ವಾಟ್ ರಾಂಗ್ ಈಸ್' ಆಗಬೇಕೇ?

ಬೀದರ್ ಶಿಕ್ಷಕಿ: ಬೇಡವೇ ಬೇಡ! ಅಲ್ಲಿ 'ವಾಟ್' ತಾನೇ ಕರ್ತೃ. ಅದು ಆಗಲೇ 'ಈಸ್'ಗಿಂತ ಮೊದಲು ಇದೆ, ತಿರುಗಿಸಲು ಏನೂ ಉಳಿದಿಲ್ಲ. ನಿಯಮ ಹೊಸದಾಗಿ ಕಲಿತವರು ಎಡವುವುದು ಇಲ್ಲೇ.

ಯಾದಗಿರಿಯವ: 'ಹೂ ಈಸ್ ದ ಮ್ಯಾನೇಜರ್'?

ಬೀದರ್ ಶಿಕ್ಷಕಿ: 'ಹೂ ದ ಮ್ಯಾನೇಜರ್ ಈಸ್' ಎಂದು ಬರೆದರೆ ಯಾರೂ ತಪ್ಪು ಹಿಡಿಯುವುದಿಲ್ಲ. ಆದರೆ ಎದುರಿಗೆ ನಾಲ್ವರು ನಿಂತಿದ್ದು, ಅವರಲ್ಲಿ ಯಾರು ಮ್ಯಾನೇಜರ್ ಎಂದು ಕೇಳುವಾಗ 'ಹೂ ಈಸ್ ದ ಮ್ಯಾನೇಜರ್' ಕೂಡ ಸಲ್ಲುತ್ತದೆ ಎಂದು ನನ್ನ ವಾದ.

ಯಾದಗಿರಿಯವ: ಪರೀಕ್ಷಕರು ಆ ವಾದವನ್ನು ಕೇಳುತ್ತಾರೆಯೇ, ಅದು ನನಗೆ ಅನುಮಾನ.