ಓದು ಮತ್ತು ಕೂಲಿ: ಕ್ವಾಂಟೈಲ್ ರಿಗ್ರೆಶನ್ ಓಡಿಸಿದವರು ಅನುಭವ ಹೇಳಿ

ಕೊಣಾಜೆಯಿಂದ ಪ್ರಶ್ನೆ: ಕೇಂದ್ರ ಸರಕಾರದ ಉದ್ಯೋಗ ಸರ್ವೆಯಾದ ಪಿಎಲ್‌ಎಫ್‌ಎಸ್ ಫೈಲಿನಿಂದ ದ.ಕ. ಮತ್ತು ಉಡುಪಿಯ ಸಂಬಳದವರನ್ನೂ ದಿನಗೂಲಿಯವರನ್ನೂ ತೆಗೆದು ಲಾಗ್ ಕೂಲಿಗೆ ಕ್ವಾಂಟೈಲ್ ರಿಗ್ರೆಶನ್ ಓಡಿಸಿದೆ. ಒಂದು ವರ್ಷದ ಓದಿಗೆ 0.1ರಲ್ಲಿ 0.04, 0.9ರಲ್ಲಿ 0.09 ಬಂತು. "ಓದಿನಿಂದ ಬಡವರಿಗೆ ಲಾಭ ಕಮ್ಮಿ, ಇದ್ದವರಿಗೆ ಜಾಸ್ತಿ" ಅಂತ ಬರೆಯಬಹುದಾ?

ಸುರತ್ಕಲ್: ಬರೆಯಬೇಡಿ ಮಾರಾಯ್ರೆ. ಇದೇ ವಾಕ್ಯಕ್ಕೆ ನನ್ನ ಪೇಪರ್ ಎರಡು ಸಲ ವಾಪಸ್ ಬಂದಿದೆ. 0.1 ಅಂದರೆ ಊರಿನ ಬಡವರಲ್ಲ, ಅಷ್ಟೇ ಓದು ಅಷ್ಟೇ ಅನುಭವ ಇದ್ದವರ ನಡುವೆ ಕೆಳಗಿರುವವರು. ಹಂಪನಕಟ್ಟೆಯ ಅಂಗಡಿಯಲ್ಲಿ ತಿಂಗಳಿಗೆ 14,000ಕ್ಕೆ ದುಡಿಯುವ ಪದವೀಧರ ಪದವೀಧರರ ಸಾಲಿನಲ್ಲಿ ತೀರಾ ಕೆಳಗೆ. ಏಳನೇ ಕ್ಲಾಸಿನ ಹಳೇ ಮೇಸ್ತ್ರಿ ತನ್ನ ಸಾಲಿನಲ್ಲಿ 0.9ರಲ್ಲಿ ಉಂಟು. ಇಬ್ಬರಲ್ಲಿ ಹೆಚ್ಚು ದುಡಿಯುವುದು ಮೇಸ್ತ್ರಿಯೇ ಇರಬಹುದು. ನಿಮ್ಮ 0.04 ಮತ್ತು 0.09 ಹೇಳುವುದು ಇಷ್ಟು: ಓದು ಹೆಚ್ಚಿದ ಹಾಗೆ ಸಮಾನ ಓದಿನವರ ನಡುವಿನ ಅಂತರವೂ ಹೆಚ್ಚುತ್ತದೆ.

ನನಗೆ ಹೆಚ್ಚು ನಷ್ಟ ಆದದ್ದು ಸ್ಟ್ಯಾಂಡರ್ಡ್ ಎರರ್‌ನಲ್ಲಿ. ಸ್ಟೇಟಾದ `qreg` ಸುಮ್ಮನೆ ಕೊಟ್ಟರೆ ಶೇಷಗಳ ಹರವು ಎಲ್ಲಾ ಓದಿನ ಮಟ್ಟದಲ್ಲೂ ಒಂದೇ ಅಂತ ಹಿಡಿಯುತ್ತದೆ. ಆ ಹರವು ಒಂದೇ ಅಲ್ಲ ಅಂತ ತೋರಿಸಲಿಕ್ಕೇ ನಾವು ಹೊರಟದ್ದು! `sqreg` 0.1, 0.5, 0.9 ಮೂರನ್ನೂ ಒಟ್ಟಿಗೆ ಬೂಟ್‌ಸ್ಟ್ರ್ಯಾಪ್ ಮಾಡುತ್ತದೆ, ಆದರೆ ಸರ್ವೆ ತೂಕ ತೆಗೆದುಕೊಳ್ಳುವುದಿಲ್ಲ. ಕೊನೆಗೆ ಆರ್‌ಗೆ ಹೋದೆ:

```r
library(quantreg)
m <- rq(log(wage) ~ educ + exper + I(exper^2),
        tau = c(.1,.5,.9), weights = wt, data = d)
summary(m, se = "boot", R = 500, cluster = d$fsu)
```

ಕ್ಲಸ್ಟರ್ ಇಲ್ಲದಿದ್ದರೆ ಒಂದೇ `fsu`, ಅಂದರೆ ಸರ್ವೆಗೆ ಆರಿಸಿದ ಒಂದೇ ಹಳ್ಳಿಯ ಮನೆಗಳೆಲ್ಲಾ ಪ್ರತ್ಯೇಕ ಸಾಕ್ಷಿ ಅಂತ ಲೆಕ್ಕಕ್ಕೆ ಬರುತ್ತವೆ. ಮತ್ತೆ ಎರಡು ಜಿಲ್ಲೆಗೆ 400 ಜನ ಸಿಕ್ಕಿದರೆ 0.9ರ ಮೇಲೆ ಇರುವುದು 40 ಜನ ಮಾತ್ರ. ನಾನು ಇಡೀ ಕರ್ನಾಟಕ ತೆಗೆದುಕೊಂಡೆ.

ಮಣಿಪಾಲ: ಇಷ್ಟೆಲ್ಲಾ ಪೇಚಾಟ ಎಂತಕ್ಕೆ? 2009ರಲ್ಲೇ ಫಿರ್ಪೋ, ಫೋರ್ಟಿನ್, ಲೆಮ್ಯೂ ಅನ್‌ಕಂಡಿಶನಲ್ ವಿಧಾನ ಕೊಟ್ಟಿದ್ದಾರೆ. ಒಬ್ಬೊಬ್ಬರ ಕೂಲಿ ಇಡೀ ಊರಿನ ಆ ಕ್ವಾಂಟೈಲನ್ನು ಎಷ್ಟು ಅಲುಗಿಸುತ್ತದೆ ಅನ್ನುವ ರಿಫ್ ಲೆಕ್ಕ ಹಾಕಿ, ಅದರ ಮೇಲೆ ಓಎಲ್‌ಎಸ್ ಓಡಿಸಿ, ಊರಿನ ಬಡವರದ್ದೇ ಉತ್ತರ ಬರುತ್ತದೆ. ನಾನು ಮಾಡಿದ್ದೇ ಅದು. ಒಂದು ಸಂಜೆಯ ಕೆಲಸ, ಯಾರೂ ತಕರಾರು ಎತ್ತಲಿಲ್ಲ.

ಕುಂದಾಪುರ: ತಕರಾರು ಎತ್ತಲಿಲ್ಲ ಅಂದರೆ ಸರಿ ಅಂತ ಅಲ್ಲ. ನಾನೂ ರಿಫ್ ಮಾಡಿದವನೇ, ಒಂದು ತಿಂಗಳು ಹೋಯಿತು. ನಮ್ಮ ದಿನಗೂಲಿ 400, 500, 600 ಅಂತ ದುಂಡು ಸಂಖ್ಯೆಯಲ್ಲೇ ಇರುವುದು. ರಿಫ್‌ನಲ್ಲಿ ಆ ಜಾಗದ ಸಾಂದ್ರತೆಯಿಂದ ಭಾಗಿಸಬೇಕು. ಲೆಕ್ಕಕ್ಕೆ ಹೀಗೆ ಹಿಡಿಯಿರಿ: ಒಂದು ವರ್ಷದ ಓದು, 0.1ರ ಗಡಿ ದಾಟುವ ಸಾಧ್ಯತೆಯನ್ನು 0.012 ಏರಿಸುತ್ತದೆ. ಸಾಂದ್ರತೆ 0.6 ಆದರೆ ಉತ್ತರ 0.02, 0.3 ಆದರೆ 0.04. ಗಡಿ ಸರಿಯಾಗಿ 500ರ ಗುಪ್ಪೆಯ ಮೇಲೆ ಬಿದ್ದರೆ, ಸಾಂದ್ರತೆ ಅಳೆಯುವ ಬ್ಯಾಂಡ್‌ವಿಡ್ತ್ ಸಣ್ಣದು ಮಾಡಿದಷ್ಟೂ ಸಾಂದ್ರತೆ ಏರಿ ಉತ್ತರ ಕುಗ್ಗುತ್ತದೆ. ಓದು ಬದಲಾಗಲಿಲ್ಲ, ಕೂಲಿ ಬದಲಾಗಲಿಲ್ಲ, ಉತ್ತರ ಅರ್ಧ!

ಇನ್ನೊಂದು. ಗಡಿಗೆ ಸಮ ಅಥವಾ ಕಡಿಮೆ ಇರುವವರನ್ನು ಎಣಿಸಿ ನೋಡಿ. ಶೇ. 10 ಬರಬೇಕಾದಲ್ಲಿ ಶೇ. 15 ಬಂದರೆ ಗುಪ್ಪೆಯ ಮೇಲೆ ಕೂತಿದ್ದೀರಿ ಅಂತ ಅರ್ಥ. 0.05ರಿಂದ 0.20ರವರೆಗೆ 0.01 ಅಂತರದಲ್ಲಿ ಓಡಿಸಿ ಗೆರೆ ಎಳೆಯಿರಿ. ಮೆಟ್ಟಿಲು ಮೆಟ್ಟಿಲಾಗಿ ಬಂದರೆ ಒಂದೇ ಬಿಂದುವಿನ ಮೇಲೆ ಮಾತಾಡಬೇಡಿ.

ಮಣಿಪಾಲ: ನಾನು ತೆಗೆದುಕೊಂಡದ್ದು ಸಂಬಳದವರನ್ನು ಮಾತ್ರ. ಅಲ್ಲಿ ನಿಮ್ಮ ಗುಪ್ಪೆ ಇಲ್ಲ.

ಕುಂದಾಪುರ: 10,000, 12,000, 15,000 ಗುಪ್ಪೆ ಅಲ್ವಾ? ಹಿಸ್ಟೋಗ್ರಾಮ್ ತೆಗೆದು ನೋಡಿದ್ದೀರಾ? ದಿನಗೂಲಿಯವರನ್ನು ಬಿಟ್ಟ ಮೇಲೆ ಕೆಳತುದಿ ಅಂತ ಯಾವ ಬಾಯಲ್ಲಿ ಹೇಳುವುದು!

ಬಿಜೈ: ಎಲ್ಲರೂ ಗಲ್ಫ್ ಮರೆತಿರಿ. ಡಿಪ್ಲೊಮಾ ಮಾಡಿ ದುಬೈಗೆ ಹೋದ ನನ್ನ ತಮ್ಮ ಕಳಿಸುವ ಹಣ ಸೇರಿಸಿದರೆ ಓದಿನ ಲಾಭ ನಿಮ್ಮ 0.09ರ ಎರಡು ಪಾಲು. ಮನೆಗೆ ಬರುವ ಹಣವನ್ನೂ ಕೂಲಿಗೆ ಕೂಡಿಸಿ.

ಸುರತ್ಕಲ್: ಕೂಡಿಸಬಾರದು. ಅದು ಅವರ ಕೂಲಿ, ಮನೆಯಲ್ಲಿ ಕೂತವರದ್ದಲ್ಲ. ಆದರೆ ಮೂಲ ಮಾತು ಸರಿ: ಹೋದವರು ಪಟ್ಟಿಯಲ್ಲೇ ಇಲ್ಲ, ಹಾಗಾಗಿ ನಮ್ಮ ಜಿಲ್ಲೆಯ ಮೇಲ್ತುದಿಯಿಂದ ಓದಿದವರೇ ಕಳಚಿಕೊಂಡಿದ್ದಾರೆ. ಕೆಳಗೂ ಅದೇ ಕಥೆ. ಮನೆಯಲ್ಲಿ ಬೀಡಿ ಕಟ್ಟುವ ಹೆಂಗಸರು ಸರ್ವೆಯಲ್ಲಿ ಸ್ವಉದ್ಯೋಗಿಗಳು, ಕೂಲಿಯ ಫಿಲ್ಟರ್ ಹಾಕಿದ ಕೂಡಲೇ ಮಾಯ. ಹೆಂಗಸರ 0.1ರ ಸಂಖ್ಯೆಯನ್ನು ನಾನು ಇವತ್ತಿಗೂ ಅಚ್ಚಿಗೆ ಕೊಟ್ಟಿಲ್ಲ.

ಮಣಿಪಾಲ: ಹಾಗಾದರೆ ಯಾರೂ ಎಂತದೂ ಬರೆಯುವುದು ಬೇಡ ಅಂತಲಾ?

ಕುಂದಾಪುರ: ಬರೆಯಿರಿ. ಬ್ಯಾಂಡ್‌ವಿಡ್ತ್ ಅರ್ಧ ಮಾಡಿ, ದುಪ್ಪಟ್ಟು ಮಾಡಿ, ಮೂರೂ ಉತ್ತರ ಒಂದೇ ಕೋಷ್ಟಕದಲ್ಲಿ ಹಾಕಿ ಬರೆಯಿರಿ. ನಿಮ್ಮದನ್ನು ಮೊದಲು ಹಾಕಿ ನೋಡುವಾ.