ಪೂರ್ಣ ವರ್ಗಗಳ ನಡುವೆ ಇರಿಸಿ ವರ್ಗಮೂಲ ಅಂದಾಜಿಸಿದಾಗ ಉತ್ತರ ಯಾವಾಗಲೂ ಕಡಿಮೆಯೇ ಬರುತ್ತದೆ, ಏಕೆ?

ಹೇಮಾವತಿ_ತೀರ

ಸ್ಪರ್ಧಾತ್ಮಕ ಪರೀಕ್ಷೆಯೊಂದಕ್ಕೆ ಓದುತ್ತಿದ್ದೇನೆ. ಅಲ್ಲಿ ಕ್ಯಾಲ್ಕುಲೇಟರ್ ಬಳಸುವಂತಿಲ್ಲ. ಅಭ್ಯಾಸ ಪತ್ರಿಕೆಯಲ್ಲಿ 7.3ರ ವರ್ಗಮೂಲಕ್ಕೆ ಅತ್ಯಂತ ಹತ್ತಿರದ ಬೆಲೆ ಯಾವುದೆಂದು ಕೇಳಿ 2.66, 2.70, 2.74 ಎಂಬ ಮೂರು ಆಯ್ಕೆಗಳನ್ನು ಕೊಟ್ಟಿದ್ದರು. ನಾನು ಮಾಡಿದ್ದು ಹೀಗೆ: 7.3 ಎಂಬುದು 4 ಮತ್ತು 9ರ ನಡುವೆ ಇದೆ, ಆದ್ದರಿಂದ ವರ್ಗಮೂಲ 2 ಮತ್ತು 3ರ ನಡುವೆ ಇರಬೇಕು. 4ರಿಂದ 7.3ರವರೆಗಿನ ಅಂತರ 3.3, 4ರಿಂದ 9ರವರೆಗಿನ ಅಂತರ 5. 3.3ನ್ನು 5ರಿಂದ ಭಾಗಿಸಿದರೆ 0.66, ಹಾಗಾಗಿ ಉತ್ತರ 2.66. ಆಯ್ಕೆಗಳಲ್ಲಿಯೂ ಅದೇ ಇದ್ದುದರಿಂದ ಗುರುತು ಹಾಕಿದೆ. ಕೀಲಿ ಉತ್ತರದಲ್ಲಿ 2.70 ಎಂದಿದೆ. ಬೇರೆ ಸಂಖ್ಯೆಗಳನ್ನೂ ಇದೇ ರೀತಿ ಮಾಡಿ ನೋಡಿದರೆ ನನ್ನ ಉತ್ತರ ಪ್ರತಿಸಲವೂ ನಿಜವಾದ ಬೆಲೆಗಿಂತ ಕಡಿಮೆಯೇ ಬರುತ್ತದೆ, ಒಮ್ಮೆಯೂ ಹೆಚ್ಚು ಬರುವುದಿಲ್ಲ. ವಿಧಾನದಲ್ಲೇ ದೋಷವಿದೆಯೇ?

ಮೂಲೆಮಟ್ಟ

ವಿಧಾನದಲ್ಲಿ ದೋಷವೇನೂ ಇಲ್ಲ, ನಿಮ್ಮ ಭಾಗಾಕಾರವನ್ನು ಇನ್ನೊಮ್ಮೆ ನೋಡಿಕೊಳ್ಳಿ. ಪಾಯ ಗುರುತು ಹಾಕುವಾಗ ಮೂಲೆಯಿಂದ ಮೂಲೆಗೆ ಅಳತೆ ಹಿಡಿಯಲು ನಾನು ಬಳಸುವುದು ಇದನ್ನೇ. 30×50 ಅಡಿಯ ನಿವೇಶನವೆಂದರೆ 900ಕ್ಕೆ 2500 ಸೇರಿ 3400. 58ರ ವರ್ಗ 3364, 59ರ ವರ್ಗ 3481. ಅಂತರ 36, ಅದನ್ನು 117ರಿಂದ ಭಾಗಿಸಿದರೆ 0.3077. ಅಂದರೆ 58 ಅಡಿ ಮತ್ತು ಮೂರೂಮುಕ್ಕಾಲು ಇಂಚಿಗೆ ಕೂದಲೆಳೆಯಷ್ಟು ಕಡಿಮೆ. ಟೇಪು ಹಿಡಿದಾಗ ಇಲ್ಲಿಯವರೆಗೆ ವ್ಯತ್ಯಾಸ ಕಂಡಿಲ್ಲ. 30×40 ಆದರೆ ಲೆಕ್ಕವೇ ಬೇಡ, ಸರಿಯಾಗಿ 50 ಅಡಿ ಬರುತ್ತದೆ.

ಲೆಕ್ಕಿಗ

ಮೂಲೆಮಟ್ಟ ಅವರೇ, ಪ್ರಶ್ನೆ ಕೇಳಿದವರ ಭಾಗಾಕಾರ ಸರಿಯಾಗಿಯೇ ಇದೆ. ನಿಮ್ಮ ಉತ್ತರದಲ್ಲಿಯೂ ಅದೇ ಕೊರತೆ ಇದೆ, ಆದರೆ ಟೇಪಿಗೆ ಸಿಗದಷ್ಟು ಸಣ್ಣದಾಗಿದೆ. ಎರಡಕ್ಕೂ ಕಾರಣ ಒಂದೇ ಆಗಿರುವುದರಿಂದ ಒಟ್ಟಿಗೆ ಹೇಳುತ್ತೇನೆ.

4 ಮತ್ತು 9ರ ನಟ್ಟನಡುವೆ ಇರುವ ಸಂಖ್ಯೆ 6.5. ಈ ವಿಧಾನ ಅದರ ವರ್ಗಮೂಲವನ್ನು 2.5 ಎನ್ನುತ್ತದೆ. ಆದರೆ 2.5ರ ವರ್ಗ 6.25 ಮಾತ್ರ. ಅಂದರೆ ಸಂಖ್ಯೆ ತನ್ನ ದಾರಿಯ ಅರ್ಧವನ್ನು ತಲುಪುವ ಮೊದಲೇ ವರ್ಗಮೂಲ ತನ್ನ ಅರ್ಧವನ್ನು ತಲುಪಿಬಿಟ್ಟಿರುತ್ತದೆ. ಎರಡು ಪೂರ್ಣ ವರ್ಗಗಳ ನಡುವಿನ ದಾರಿಯುದ್ದಕ್ಕೂ ವರ್ಗಮೂಲ ಸ್ವಲ್ಪ ಮುಂದೆಯೇ ಇರುತ್ತದೆ. ನಾವು ಮಾತ್ರ ಎರಡೂ ಒಂದೇ ವೇಗದಲ್ಲಿ ಸಾಗುತ್ತವೆ ಎಂದು ಭಾವಿಸಿ ಅನುಪಾತ ಹಾಕುತ್ತೇವೆ. ಹೀಗಾಗಿ ಅಂದಾಜು ಎಂದಿಗೂ ಹೆಚ್ಚಾಗುವುದಿಲ್ಲ.

ಇಲ್ಲಿ ಸ್ವಾರಸ್ಯವೆಂದರೆ, ನಡುವಿನ ಆ ಕೊರತೆ ಯಾವ ಜೋಡಿಗೂ ಬದಲಾಗುವುದಿಲ್ಲ. 6.5ಕ್ಕೂ 6.25ಕ್ಕೂ ಅಂತರ ಕಾಲು. 58.5ರ ವರ್ಗ 3422.25, ನಡುವಿನ ಸಂಖ್ಯೆ 3422.5, ಅಲ್ಲಿಯೂ ಕಾಲೇ. ಆದರೆ 4 ಮತ್ತು 9ರ ನಡುವೆ ಈ ಕಾಲು ಹಂಚಿಹೋಗುವುದು 5 ಭಾಗಗಳಿಗೆ, ಆದ್ದರಿಂದ ತಪ್ಪು 0.05ರವರೆಗೂ ಹೋಗಬಹುದು. 3364 ಮತ್ತು 3481ರ ನಡುವೆ ಅದು 117 ಭಾಗಗಳಿಗೆ ಹಂಚಿಹೋಗುತ್ತದೆ, 0.25ನ್ನು 117ರಿಂದ ಭಾಗಿಸಿದರೆ ಸುಮಾರು 0.002 ಅಡಿ, ಅಂದರೆ ಇಂಚಿನ ನಲವತ್ತರಲ್ಲಿ ಒಂದು ಪಾಲು. ನಿಮ್ಮ ಟೇಪು ಅದನ್ನು ತೋರಿಸುವುದಿಲ್ಲ. ಪರೀಕ್ಷೆಯ ಆಯ್ಕೆಗಳಾದರೋ ಪರಸ್ಪರ 0.04 ದೂರದಲ್ಲಿವೆ, 0.05ರವರೆಗಿನ ತಪ್ಪನ್ನು ಅವು ಸಹಿಸುವುದಿಲ್ಲ. 2.66 ಎಂಬ ಆಯ್ಕೆಯನ್ನು ಪ್ರಶ್ನೆ ಬರೆದವರು ಸುಮ್ಮನೆ ಇಟ್ಟಿರಲಿಕ್ಕಿಲ್ಲ ಎಂಬುದು ನನ್ನ ಅನುಮಾನ.

ಬೆಳ್ಳಿಮೋಡ_82

ದೋಷವಿರುವುದು ಛೇದದಲ್ಲಿ. ಎರಡು ವರ್ಗಗಳ ಅಂತರದಿಂದ ಭಾಗಿಸಬಾರದು, ಕೆಳಗಿನ ವರ್ಗಮೂಲದ ದುಪ್ಪಟ್ಟಿನಿಂದ ಭಾಗಿಸಬೇಕು. 1300ನ್ನೇ ನೋಡಿ: 36ರ ವರ್ಗ 1296, ಉಳಿದದ್ದು 4, ಅದನ್ನು 72ರಿಂದ ಭಾಗಿಸಿದರೆ 0.0556. ಉತ್ತರ 36.0556, ಮೂರು ದಶಮಾಂಶ ಸ್ಥಾನಗಳವರೆಗೂ ಸರಿ. ಅಂತರವಾದ 73ರಿಂದ ಭಾಗಿಸಿದರೆ 36.0548 ಬರುತ್ತದೆ, ಅದು ಕಡಿಮೆ. ಆದ್ದರಿಂದ ದುಪ್ಪಟ್ಟಿನ ಸೂತ್ರವನ್ನೇ ಯಾವಾಗಲೂ ಬಳಸಿ.

ಲೆಕ್ಕಿಗ

'ಯಾವಾಗಲೂ' ಎಂಬ ಒಂದು ಮಾತನ್ನು ಬಿಟ್ಟರೆ ಉಳಿದದ್ದು ಸರಿ. ಅದೇ ಸೂತ್ರವನ್ನು 7.3ಕ್ಕೆ ಹಾಕಿ ನೋಡಿ: ಉಳಿದದ್ದು 3.3, ದುಪ್ಪಟ್ಟು 4, ಉತ್ತರ 2.825. ಅದರ ವರ್ಗ ಸುಮಾರು 7.98. ಇದು 2.66ಕ್ಕಿಂತಲೂ ಕೆಟ್ಟ ಅಂದಾಜು. 1300 ತನ್ನ ಕೆಳಗಿನ ವರ್ಗಕ್ಕೆ ತೀರ ಹತ್ತಿರವಿದೆ, ಆದ್ದರಿಂದ ಅಲ್ಲಿ ನಿಮ್ಮ ಸೂತ್ರ ಚೆನ್ನಾಗಿ ಕೆಲಸ ಮಾಡಿತು. 7.3 ಕೆಳಗಿನ ವರ್ಗದಿಂದ ದೂರ, ಮೇಲಿನ ವರ್ಗಕ್ಕೆ ಹತ್ತಿರ. ಹಾಗಿರುವಾಗ ಮೇಲಿನಿಂದ ಇಳಿಯಬೇಕು. 9ರಿಂದ 7.3ಕ್ಕೆ ಕೊರತೆ 1.7, 3ರ ದುಪ್ಪಟ್ಟು 6, ಭಾಗಿಸಿದರೆ 0.283, ಅದನ್ನು 3ರಿಂದ ಕಳೆದರೆ 2.717.

ಈ ಎರಡನೆಯ ಅಂದಾಜು ಯಾವಾಗಲೂ ನಿಜಕ್ಕಿಂತ ಹೆಚ್ಚೇ ಇರುತ್ತದೆ. 3ರಿಂದ 0.283 ಕಳೆದು ವರ್ಗ ಮಾಡಿದಾಗ 9ರಿಂದ 1.7 ಹೋಗುತ್ತದೆ ನಿಜ, ಆದರೆ 0.283ರ ವರ್ಗವಾದ 0.08 ಮರಳಿ ಸೇರಿಕೊಂಡು 7.38 ಆಗುತ್ತದೆ. ನಾವು ಲೆಕ್ಕಕ್ಕೆ ಹಿಡಿಯದ ಆ ಸಣ್ಣ ಚೂರು ಎಂದಿಗೂ ಋಣವಾಗುವುದಿಲ್ಲ, ಆದ್ದರಿಂದ ತಪ್ಪು ಒಂದೇ ದಿಕ್ಕಿನಲ್ಲಿರುತ್ತದೆ.

ಈಗ ಹೇಮಾವತಿ_ತೀರ ಅವರ ಪ್ರಶ್ನೆಗೆ ಬರೋಣ. ನಿಮ್ಮ ಅಂದಾಜು ಖಂಡಿತವಾಗಿ ಕಡಿಮೆ, ಇದು ಖಂಡಿತವಾಗಿ ಹೆಚ್ಚು. ಅಂದ ಮೇಲೆ ನಿಜವಾದ ಬೆಲೆ 2.66 ಮತ್ತು 2.717ರ ನಡುವೆ ಇರಲೇಬೇಕು. 2 ಮತ್ತು 3ರ ನಡುವೆ ಎಂದು ಆರಂಭವಾದ ಬೇಲಿ ಎರಡು ಭಾಗಾಕಾರಗಳಲ್ಲಿ ಇಷ್ಟು ಕಿರಿದಾಯಿತು. 2.74 ಬೇಲಿಯ ಆಚೆ ಇದೆ. 2.66 ಬೇಲಿಯ ಗೆರೆಯ ಮೇಲೆಯೇ ಇದೆ, 7.3 ಪೂರ್ಣ ವರ್ಗವಲ್ಲವಾದ್ದರಿಂದ ಉತ್ತರ ಗೆರೆಯ ಮೇಲೆ ಇರುವಂತಿಲ್ಲ. 2.66 ಮತ್ತು 2.70ರ ನಟ್ಟನಡುವಿನ 2.68ರ ವರ್ಗವೂ ಸುಮಾರು 7.18 ಮಾತ್ರ, ಆದ್ದರಿಂದ ಅತ್ಯಂತ ಹತ್ತಿರದ ಬೆಲೆ 2.70. ನೀವು 2.66 ಬಂದ ಕೂಡಲೇ ಅದನ್ನೇ ಉತ್ತರವೆಂದುಕೊಂಡಿರಿ, ಅದು ಕೆಳಗಿನ ಎಲ್ಲೆ ಮಾತ್ರ.

ಹೇಮಾವತಿ_ತೀರ

ಇದು ಅರ್ಥವಾಯಿತು. ಸಂಖ್ಯೆ ದೊಡ್ಡದಾದಷ್ಟೂ ತಪ್ಪು ಕಡಿಮೆಯಾಗುವುದಾದರೆ, ಸಣ್ಣ ಸಂಖ್ಯೆಯನ್ನು 10ರಿಂದ ಗುಣಿಸಿ ದೊಡ್ಡದು ಮಾಡಿಕೊಂಡು ಕೊನೆಯಲ್ಲಿ ಬಿಂದುವನ್ನು ಹಿಂದಕ್ಕೆ ಸರಿಸಬಹುದಲ್ಲವೇ? 0.9ಕ್ಕೆ ಹೀಗೆ ಮಾಡಿದೆ: 9ರ ವರ್ಗಮೂಲ 3, ಆದ್ದರಿಂದ 0.3. ಆದರೆ ಅದು ಸರಿ ಕಾಣುತ್ತಿಲ್ಲ.

ಲೆಕ್ಕಿಗ

ಸರಿಯಲ್ಲ, ಏಕೆಂದರೆ 0.3ರ ವರ್ಗ 0.09. ಒಳಗಿನ ಸಂಖ್ಯೆಯಲ್ಲಿ ಬಿಂದುವನ್ನು ಎರಡು ಸ್ಥಾನ ಸರಿಸಿದರೆ ಮಾತ್ರ ವರ್ಗಮೂಲದಲ್ಲಿ ಅದು ಒಂದು ಸ್ಥಾನ ಸರಿಯುತ್ತದೆ. ಆದ್ದರಿಂದ 100ರಿಂದ ಗುಣಿಸಬೇಕು: 0.9 ಎಂಬುದು 90 ಆಗಲಿ. 90 ಎಂಬುದು 81 ಮತ್ತು 100ರ ನಡುವೆ ಇದೆ. 9ನ್ನು 19ರಿಂದ ಭಾಗಿಸಿದರೆ 0.474, ಕೆಳಗಿನ ಎಲ್ಲೆ 9.474. ಮೇಲಿನಿಂದ ಇಳಿದರೆ 10ನ್ನು 20ರಿಂದ ಭಾಗಿಸಿ 0.5, ಮೇಲಿನ ಎಲ್ಲೆ 9.5. ಅಂದರೆ 0.9ರ ವರ್ಗಮೂಲ 0.9474 ಮತ್ತು 0.95ರ ನಡುವೆ ಇದೆ. ಒಂದಕ್ಕಿಂತ ಕಡಿಮೆಯಿರುವ ಸಂಖ್ಯೆಯ ವರ್ಗಮೂಲ ಆ ಸಂಖ್ಯೆಗಿಂತ ದೊಡ್ಡದಾಗಿಯೇ ಬರಬೇಕು ಎಂಬುದನ್ನು ನೆನಪಿಟ್ಟರೆ 0.3ರಂತಹ ಉತ್ತರ ತಕ್ಷಣ ಸಿಕ್ಕಿಬೀಳುತ್ತದೆ.

ಇದೇ ದಾರಿಯಲ್ಲಿ 7.3ನ್ನು 730 ಮಾಡಿದರೆ 27ರ ವರ್ಗ 729 ಕಣ್ಣಿಗೆ ಬೀಳುತ್ತದೆ. ಉಳಿದ 1ನ್ನು 55ರಿಂದ ಭಾಗಿಸಿದರೆ 0.018, ಉತ್ತರ 2.7018.

ಹಳೆಯ ಕರಿಹಲಗೆ

ಮೂರು ದಶಕ ಪ್ರೌಢಶಾಲೆಯಲ್ಲಿ ಗಣಿತ ಕಲಿಸಿದವಳಾಗಿ ಹೇಳುವುದಾದರೆ, 27ರ ವರ್ಗ 729 ಎಂದು ತಿಳಿದವರಿಗೆ ಮೇಲಿನ ಬೇಲಿಯ ಪುರಾಣವೇ ಬೇಕಾಗಿರಲಿಲ್ಲ. ಮಕ್ಕಳು 30ರವರೆಗೆ ವರ್ಗಗಳನ್ನು ಬಾಯಿಪಾಠ ಮಾಡಿದರೆ 100ರಿಂದ ಗುಣಿಸುವ ಒಂದೇ ಉಪಾಯದಿಂದ 1ರಿಂದ 9ರವರೆಗಿನ ಯಾವ ಸಂಖ್ಯೆಗೂ ಎರಡು ದಶಮಾಂಶ ಸ್ಥಾನಗಳ ಅಂದಾಜು ಬರುತ್ತದೆ. ಎರಡು ಬಗೆಯ ಛೇದಗಳನ್ನು ಒಟ್ಟಿಗೆ ಹೇಳಿಕೊಟ್ಟರೆ ಯಾವುದನ್ನು ಎಲ್ಲಿ ಬಳಸಬೇಕೆಂದು ಅವರು ಗೊಂದಲಕ್ಕೆ ಬೀಳುತ್ತಾರೆ.

ಆದರೂ ಮೇಲಿನ ಎಲ್ಲೆಯನ್ನು ಇನ್ನೂ ತಿದ್ದಬೇಕೆನಿಸಿದರೆ ಹಳೆಯ ದಾರಿಯೊಂದಿದೆ. ಪೇಶಾವರದ ಬಳಿಯ ಬಕ್ಷಾಲಿ ಗ್ರಾಮದಲ್ಲಿ 1881ರಲ್ಲಿ ದೊರೆತ ಭೂರ್ಜಪತ್ರದ ಹಸ್ತಪ್ರತಿಯಲ್ಲಿ ಅದು ಕಾಣುತ್ತದೆ. ನೀವು ಕೂಡಿದ ಅಥವಾ ಕಳೆದ ಭಾಗದ ವರ್ಗವನ್ನು, ಬಂದ ಅಂದಾಜಿನ ದುಪ್ಪಟ್ಟಿನಿಂದ ಭಾಗಿಸಿ, ಅಂದಾಜಿನಿಂದ ಕಳೆಯಬೇಕು. ಇಲ್ಲಿ 0.283ರ ವರ್ಗ 0.080, ಅದನ್ನು 5.43ರಿಂದ ಭಾಗಿಸಿದರೆ 0.0148. 2.7167ರಿಂದ ಕಳೆದರೆ 2.7019.

ಬೆಳ್ಳಿಮೋಡ_82

ಪರೀಕ್ಷೆಯಲ್ಲಿ ಅಷ್ಟಕ್ಕೆಲ್ಲ ಸಮಯವೆಲ್ಲಿ? ಎರಡು ಎಲ್ಲೆಗಳ ಸರಾಸರಿ ತೆಗೆದುಕೊಂಡರೆ ಮುಗಿಯಿತು. 90ಕ್ಕೆ 9.474 ಮತ್ತು 9.5ರ ಸರಾಸರಿ 9.487, ಅದು ಸರಿಯಾಗಿಯೇ ಇದೆ.

ಲೆಕ್ಕಿಗ

90 ಎರಡು ವರ್ಗಗಳ ನಡುವಿಗೆ ಹತ್ತಿರವಿರುವುದರಿಂದ ಸರಿಯಾಯಿತು. ಅಲ್ಲಿ ಕೆಳಗಿನ ತಪ್ಪೂ ಮೇಲಿನ ತಪ್ಪೂ ಹೆಚ್ಚುಕಡಿಮೆ ಸಮನಾಗಿ ಒಂದನ್ನೊಂದು ಹೊಡೆದುಹಾಕುತ್ತವೆ. 7.3ಕ್ಕೆ ಸರಾಸರಿ 2.688 ಬರುತ್ತದೆ, ಅದು 2.717ಕ್ಕಿಂತ ಹೇಳಿಕೊಳ್ಳುವಷ್ಟು ಉತ್ತಮವಲ್ಲ. ತುದಿಗೆ ಹತ್ತಿರವಿದ್ದಾಗ ಹತ್ತಿರದ ವರ್ಗದಿಂದ ಬಂದ ಅಂದಾಜನ್ನೇ ನಂಬುವುದು ಮೇಲು.

ಹಳೆಯ ಕರಿಹಲಗೆ

'ನಡುವೆ' ಮತ್ತು 'ತುದಿಗೆ ಹತ್ತಿರ' ಎಂಬುದರ ಗಡಿಯನ್ನು ಎಲ್ಲಿ ಹಾಕುತ್ತೀರಿ? ಮಕ್ಕಳು ಮೊದಲು ಕೇಳುವ ಪ್ರಶ್ನೆ ಅದೇ. ಅದಕ್ಕೇ ನಾನು 100ರಿಂದ ಗುಣಿಸಿ ಎಂದದ್ದು.

ಮೂಲೆಮಟ್ಟ

ನನ್ನ ನಿವೇಶನಗಳೆಲ್ಲ ಆಗಲೇ ಸಾವಿರಗಳಲ್ಲಿರುವುದರಿಂದ ಗುಣಿಸುವ ಕೆಲಸವೂ ಉಳಿಯಿತು. ಒಂದು ಸಂದೇಹ ಮಾತ್ರ ಇದೆ: ಒಳಮನೆಯ ಬಚ್ಚಲು 5×7 ಅಡಿ, ಒಟ್ಟು 74. 8ರ ವರ್ಗ 64, 10ನ್ನು 17ರಿಂದ ಭಾಗಿಸಿದರೆ 8.588 ಅಡಿ. ಇಲ್ಲಿ ಕೊರತೆ ಟೇಪಿಗೆ ಸಿಗುತ್ತದೆಯೇ?

ಲೆಕ್ಕಿಗ

ಸಿಗುತ್ತದೆ. ಕಾಲನ್ನು 17ರಿಂದ ಭಾಗಿಸಿದರೆ 0.0147 ಅಡಿ, ಅಂದರೆ ಕೊರತೆ ಇಂಚಿನ ಆರನೇ ಒಂದು ಭಾಗದವರೆಗೂ ಹೋಗಬಹುದು, ಮತ್ತು 74 ನಡುವಿನ ಸಮೀಪದಲ್ಲಿಯೇ ಇದೆ. ನಿಜವಾದ ಅಳತೆ 8.602 ಅಡಿ. ಟೈಲ್ಸ್ ಹಾಕುವ ಕೋಣೆಯಾದರೆ ಅಡಿಯನ್ನು ಬಿಟ್ಟು ಇಂಚಿನಲ್ಲಿ ಲೆಕ್ಕ ಹಾಕಿ: 60 ಮತ್ತು 84ರ ವರ್ಗಗಳು ಸೇರಿ 10656, 103ರ ವರ್ಗ 10609. ಉಳಿದ 47ನ್ನು 207ರಿಂದ ಭಾಗಿಸಿದರೆ 103 ಇಂಚು ಮತ್ತು ಕಾಲಿಗಿಂತ ತುಸು ಕಡಿಮೆ.